ಯೋಗ ಕ್ಲಾಸಿಗೆ ಮೆಂಬರ್ ವೆಬ್‌ಸೈಟ್ ಮಾಡಿಸುತ್ತಿದ್ದೀರಾ? ನನಗಾದದ್ದು ನಿಮಗಾಗಬಾರದು

ಬೆಳಗಾವಿಯ ಟಿಳಕವಾಡಿಯಲ್ಲಿ ಒಂಬತ್ತು ವರ್ಷದಿಂದ ಯೋಗ ಕ್ಲಾಸ್ ನಡೆಸುತ್ತಿದ್ದೇನೆ. ನಮ್ಮೂರ ಮಳೆ ಗೊತ್ತಲ್ವಾ, ಜುಲೈ ಬಂತೆಂದರೆ ಬೆಳಿಗ್ಗೆ ಐದೂವರೆಯ ಬ್ಯಾಚಿಗೆ ಅರ್ಧ ಜನ ಬರಲ್ಲ. ಅದಕ್ಕೇ ಹೋದ ವರ್ಷ ವರ್ಡ್‌ಪ್ರೆಸ್‌ನಲ್ಲಿ ಒಂದು ಸೈಟ್ ಮಾಡಿಸಿದೆ. ತಿಂಗಳಿಗೆ 600 ರೂಪಾಯಿ ಕಟ್ಟಿದವರು ಲಾಗಿನ್ ಆಗಿ ಮನೆಯಲ್ಲೇ ಕ್ಲಾಸಿನ ವಿಡಿಯೋ ನೋಡಬೇಕು, ಅಷ್ಟೇ.

ಮೊದಲ ವಾರವೇ ಖಾನಾಪುರದ ಒಬ್ಬ ಅಕ್ಕನ ಫೋನ್ ಬಂತು. "ಮೇಡಂ, ರೊಕ್ಕ ಕಟ್ಟೀನ್ರೀ, ವಿಡಿಯೋ ಓಪನ್ ಆಗವಲ್ದು." ಬ್ಯಾಂಕ್ ಖಾತೆಗೆ ದುಡ್ಡು ಬಂದಿತ್ತು. ಸೈಟಿನಲ್ಲಿ ಮಾತ್ರ ಅವರು ಮೆಂಬರ್ ಆಗಿರಲಿಲ್ಲ. ಆಮೇಲೆ ಇಂಥ ಫೋನ್ ದಿನಕ್ಕೆರಡು. ಮಾಡಿಕೊಟ್ಟವರನ್ನು ಕೇಳಿದರೆ "ನೆಟ್‌ವರ್ಕ್ ಸಮಸ್ಯೆ, ನೀವೇ ಕೈಯಿಂದ ಸೇರಿಸಿಬಿಡಿ" ಅಂದರು. ನಾನೂ ನಂಬಿ ಸೇರಿಸುತ್ತಾ ಹೋದೆ.

ನಿಜವಾದ ಕಾರಣ ಗೊತ್ತಾಗಿದ್ದು ಐದು ತಿಂಗಳ ನಂತರ, ಲೆಕ್ಕ ನೋಡುವಾಗ. ಸೈಟಿನಲ್ಲಿ 84 ಮೆಂಬರ್. ಆ ತಿಂಗಳು ದುಡ್ಡು ಕಟ್ಟಿದವರು 51. ನನ್ನ ತಂಗಿಯ ಮಗ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನು ಬಂದು ಎರಡು ತಾಸು ಕೂತು ನೋಡಿದ. "ದೊಡ್ಡಮ್ಮಾ, ಯಾರನ್ನ ಮೆಂಬರ್ ಮಾಡಬೇಕು ಅಂತ ನಿಮ್ಮ ಸೈಟಿಗೆ ಹೇಳೋದು ಪೇಮೆಂಟ್ ಅಲ್ಲ, ಥ್ಯಾಂಕ್ಸ್ ಪೇಜ್" ಅಂದ.

ಅಂದರೆ ಹೀಗೆ. ದುಡ್ಡು ಕಟ್ಟಿದ ಮೇಲೆ "ಧನ್ಯವಾದ" ಅನ್ನೋ ಒಂದು ಪುಟ ತೆರೆಯುತ್ತಿತ್ತು. ಆ ಪುಟ ತೆರೆದವರಿಗೆಲ್ಲ ಸೈಟು ಮೆಂಬರ್ ರೋಲ್, ಅಂದರೆ ವಿಡಿಯೋ ನೋಡುವ ಅನುಮತಿ, ಕೊಡುತ್ತಿತ್ತು. ನಮ್ಮ ಜನ ಮೊಬೈಲಿನಲ್ಲಿ ಕಟ್ಟೋದು. ಬ್ರೌಸರಿನಿಂದ ಯುಪಿಐ ಆ್ಯಪಿಗೆ ಹೋಗಿ, ಪಿನ್ ಹಾಕಿ, ಅಲ್ಲೇ ಹಸಿರು ಟಿಕ್ ನೋಡಿ ಫೋನ್ ಪಕ್ಕಕ್ಕಿಡುತ್ತಾರೆ. ವಾಪಸ್ ಬ್ರೌಸರಿಗೆ ಬರೋದೇ ಇಲ್ಲ. ಧನ್ಯವಾದದ ಪುಟ ತೆರೆಯಲೇ ಇಲ್ಲ, ಖಾನಾಪುರದ ಅಕ್ಕ ಮೆಂಬರ್ ಆಗಲೇ ಇಲ್ಲ.

ಇದರ ತಿರುವುಮುರುವೂ ಇತ್ತು. ಒಬ್ಬರು ಆ ಪುಟದ ಲಿಂಕನ್ನು ಸುಮ್ನೆ ಗೆಳತಿಯರ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಅದರಲ್ಲಿ ಕಳ್ಳ ಬುದ್ಧಿ ಏನೂ ಇರಲಿಲ್ಲ, ಇದೇ ಸೈಟಿನ ವಿಳಾಸ ಅಂದುಕೊಂಡಿದ್ದರು. ಲಾಗಿನ್ ಮಾಡಿಕೊಂಡು ಅದನ್ನು ಒತ್ತಿದವರೆಲ್ಲ ಒಂದು ಪೈಸೆ ಕಟ್ಟದೆ ಮೆಂಬರ್ ಆದರು.

ಎರಡನೇ ತಿಂಗಳ ಕಥೆ ಇನ್ನೂ ಕೆಟ್ಟದ್ದು. ಆಟೋಪೇ ಹಾಕಿದವರ ದುಡ್ಡು ತಾನಾಗಿ ಕಡಿತವಾಗುತ್ತದೆ, ಆಗ ಯಾರೂ ಸೈಟ್ ತೆರೆದಿರುವುದಿಲ್ಲ. ಖಾತೆಯಲ್ಲಿ ಹಣವಿಲ್ಲದೆ ಕಡಿತ ತಪ್ಪಿದರೂ, ಅವರೇ ಆಟೋಪೇ ನಿಲ್ಲಿಸಿದರೂ, ನಮ್ಮ ಸೈಟಿಗೆ ತಿಳಿಯುವ ದಾರಿಯೇ ಇರಲಿಲ್ಲ. ಒಮ್ಮೆ ಕೊಟ್ಟ ರೋಲ್ ಹಾಗೇ ಉಳಿಯಿತು.

ಸರಿಯಾದ ದಾರಿಗೆ ವೆಬ್‌ಹುಕ್ ಅನ್ನುತ್ತಾರೆ. ಪೇಮೆಂಟ್ ಗೇಟ್‌ವೇ, ಅಂದರೆ ಆನ್‌ಲೈನ್ ದುಡ್ಡು ಪಡೆದು ನಮ್ಮ ಖಾತೆಗೆ ಹಾಕುವ ಕಂಪನಿ, ಅದರ ಸರ್ವರ್ ನೇರವಾಗಿ ನಮ್ಮ ಸರ್ವರಿಗೆ ಹೇಳುತ್ತದೆ. ನಮ್ಮ ಗೇಟ್‌ವೇಯಲ್ಲಿ ದುಡ್ಡು ಬಂದರೆ `subscription.charged`, ಕಡಿತ ಮತ್ತೆ ಮತ್ತೆ ತಪ್ಪಿ ನಿಂತುಹೋದರೆ `subscription.halted` ಅಂತ ಸಂದೇಶ ಬರುತ್ತದೆ. ಅದು ನಿಜವಾಗಿ ಗೇಟ್‌ವೇಯಿಂದಲೇ ಬಂತಾ ಅಂತ ಅದರ ಜೊತೆಗಿರುವ ಸಹಿಯನ್ನು ತಾಳೆ ನೋಡಬೇಕು. ಇಲ್ಲದಿದ್ದರೆ ಯಾರು ಬೇಕಾದರೂ ಸುಳ್ಳು ಸಂದೇಶ ಕಳಿಸಬಹುದು. ಒಂದೇ ಸಂದೇಶ ಎರಡು ಸಲವೂ ಬರಬಹುದು. ಅದಕ್ಕೆ ಪೇಮೆಂಟ್ ಐಡಿ ಬರೆದಿಟ್ಟುಕೊಳ್ಳದಿದ್ದರೆ 600ಕ್ಕೆ ಎರಡು ತಿಂಗಳು ಸಿಕ್ಕಿಬಿಡುತ್ತದೆ.

ಹುಡುಗ ಇನ್ನೊಂದು ಬದಲಾವಣೆ ಮಾಡಿದ, ನನಗೆ ಅದೇ ಮುಖ್ಯ ಅನಿಸುತ್ತದೆ. ದುಡ್ಡಿಗೂ ರೋಲಿಗೂ ಇದ್ದ ಗಂಟನ್ನೇ ಬಿಚ್ಚಿದ. ಈಗ ಪ್ರತಿ ಮೆಂಬರಿನ ಮುಂದೆ ಒಂದು ತಾರೀಕಿದೆ, "ಇಲ್ಲಿವರೆಗೆ" ಅಂತ. ದುಡ್ಡು ಬಂದಾಗ ತಾರೀಕು ಒಂದು ತಿಂಗಳು ಮುಂದೆ ಹೋಗುತ್ತದೆ. ವಿಡಿಯೋ ಪುಟ ಪ್ರತಿ ಸಲವೂ ಆ ತಾರೀಕು ನೋಡುತ್ತದೆ. ಸಂಬಳ ತಡವಾದವರಿಗೆ ಮೂರು ದಿನ ಸಲಿಗೆ ಇಟ್ಟಿದ್ದೇವೆ. ನಡುವೆ ಬಿಟ್ಟವರಿಗೆ ಕಟ್ಟಿದ ತಿಂಗಳು ಮುಗಿಯುವವರೆಗೆ ನಡೆಯುತ್ತದೆ. ಅವರ ದುಡ್ಡು ಅದು, ತಕ್ಷಣ ಬಾಗಿಲು ಹಾಕೋದು ನ್ಯಾಯ ಅಲ್ಲ.

ರೋಲ್ ಈಗ ಯಾರು ಏನು ಕೆಲಸ ಮಾಡಬಹುದು ಅನ್ನೋದಕ್ಕೆ ಮಾತ್ರ. ಮೊದಲು ನಮ್ಮ ಮೂವರು ಟೀಚರಿಗೂ ರಿಸೆಪ್ಶನ್‌ನಲ್ಲಿ ಕೂರುವ ಹುಡುಗಿಗೂ ಎಲ್ಲವನ್ನೂ ನೋಡಬಲ್ಲ `Administrator` ರೋಲ್ ಕೊಟ್ಟಿದ್ದರು. ಮೆಂಬರ್ ಫಾರ್ಮಿನಲ್ಲಿ ಬಿಪಿ, ಬೆನ್ನುನೋವು, ಬಸುರಿ ಅಂತೆಲ್ಲ ಬರೆದಿರುತ್ತಾರೆ. ಅದು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಈಗ ಟೀಚರಿಗೆ ತಮ್ಮ ಬ್ಯಾಚಿನ ಹೆಸರು ಮತ್ತು ಆರೋಗ್ಯದ ಟಿಪ್ಪಣಿ, ಆ ಹುಡುಗಿಗೆ ಹೆಸರು ಮತ್ತು ತಾರೀಕು, ಅಷ್ಟೇ.

ಕೊನೆಯ ಕಂತಿನ ದುಡ್ಡು ಕೊಡೋ ಮುಂಚೆ ನಿಮ್ಮ ಸೈಟಿನಲ್ಲಿ ಇಷ್ಟು ಮಾಡಿ ನೋಡಿ. ಮೊಬೈಲಿನಲ್ಲಿ ಕಟ್ಟಿ, ಯುಪಿಐ ಟಿಕ್ ಬಂದ ಕೂಡಲೇ ಬ್ರೌಸರ್ ಮುಚ್ಚಿಬಿಡಿ. ಐದು ನಿಮಿಷ ಬಿಟ್ಟು ಲಾಗಿನ್ ಆಗಿ, ವಿಡಿಯೋ ತೆರೆಯಬೇಕು. ಇನ್ನೊಂದು ಹೊಸ ಖಾತೆ ಮಾಡಿ, ದುಡ್ಡು ಕಟ್ಟದೆ ಧನ್ಯವಾದದ ಪುಟದ ವಿಳಾಸವನ್ನು ನೇರವಾಗಿ ತೆರೆಯಿರಿ, ವಿಡಿಯೋ ತೆರೆಯಬಾರದು. ಆಮೇಲೆ ಯುಪಿಐ ಆ್ಯಪಿನಲ್ಲಿ ಆಟೋಪೇ ರದ್ದು ಮಾಡಿ, ಒಂದು ತಿಂಗಳು ಮತ್ತು ಸಲಿಗೆಯ ದಿನಗಳು ಕಳೆದ ಮೇಲೆ ಮೊದಲು ದುಡ್ಡು ಕಟ್ಟಿದ ಖಾತೆಯಿಂದ ಮತ್ತೆ ಲಾಗಿನ್ ಆಗಿ, ವಿಡಿಯೋ ತೆರೆಯಬಾರದು.