ಅಫಿಡವಿಟ್ ಕೇಳಿದ್ದರೆ ಬರೀ ಸೀಲು ಹೊಡೆಸಿಕೊಡುವವರ ಕೈಗೆ ಕಾಗದ ಕೊಡಬೇಡಿ

ಯಾವುದಾದರೂ ಫಾರ್ಮಿನಲ್ಲಿ ‘ನೋಟರಿ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದ ಅಫಿಡವಿಟ್ ಲಗತ್ತಿಸಿ’ ಎಂದು ಇದ್ದರೆ, ದಯವಿಟ್ಟು ಇದನ್ನು ಪೂರ್ತಿ ಓದಿ. ‘ನೀವು ಬರೋದೇ ಬೇಡ, ಸಹಿ ಮಾಡಿ ಕೊಡಿ, ನೋಟರಿ ನಾವು ಮಾಡಿಸ್ತೀವಿ’ ಎನ್ನುವವರಿಂದ ನನಗೆ ಆಗಿರುವುದು ಇನ್ನೊಬ್ಬರಿಗೆ ಆಗಬಾರದು. ಬರೆಯುವಾಗಲೂ ಕೈ ನಡುಗುತ್ತಿದೆ, ಅಷ್ಟು ಸಿಟ್ಟು ಬಂದಿದೆ.

ಅಮ್ಮ ತೀರಿಕೊಂಡ ಮೇಲೆ ಅವರ ವಿಮೆ ಹಣಕ್ಕೆ ಅರ್ಜಿ ಹಾಕಬೇಕಿತ್ತು. ಪಾಲಿಸಿಯಲ್ಲಿ ಇನಿಷಿಯಲ್ ಹೆಸರಿನ ಮುಂದೆ ಇದೆ, ಮರಣ ಪತ್ರದಲ್ಲಿ ಹಿಂದೆ ಇದೆ, ಜೊತೆಗೆ ಒಂದು ಅಕ್ಷರ ಬೇರೆ. ಎರಡೂ ಹೆಸರು ಒಬ್ಬರದೇ ಎಂದು ಅಫಿಡವಿಟ್ ಕೊಡಿ ಅಂದರು. ಇದು ಎಲ್ಲರೂ ಮಾಡಿಸುವ ಕೆಲಸವೇ. ಅರ್ಜಿ ಬರೆದುಕೊಡುವ ಒಬ್ಬ ಏಜೆಂಟ್ ಎರಡು ಹಾಳೆ ಟೈಪ್ ಮಾಡಿಸಿ ತೋರಿಸಿದರು. ಮೊದಲ ಹಾಳೆ ಓದಿದೆ, ಸರಿಯಾಗಿಯೇ ಇತ್ತು. ‘ಕೊನೆ ಹಾಳೇಲಿ ಸಹಿ ಮಾಡಿ ಮೇಡಂ, ಮೊದಲನೇದಕ್ಕೆ ಬೇಕಾಗಲ್ಲ’ ಅಂದರು. ಎರಡನೇ ಹಾಳೆಯಲ್ಲಿ ಇದ್ದದ್ದು ಎರಡು ಸಾಲು ಮತ್ತು ನನ್ನ ಸಹಿಯ ಜಾಗ, ಅಷ್ಟೆ. ಆಮೇಲೆ ಲಕೋಟೆಯಲ್ಲಿ ಹಾಕಿ ಕೊಟ್ಟರು. ಮೇಲೆ ದೊಡ್ಡ ದುಂಡು ಸೀಲು, ಸಹಿ, ಎಲ್ಲಾ ಇತ್ತು.

ವಿಮೆ ಕಚೇರಿಯ ಕೌಂಟರಿನಲ್ಲಿದ್ದ ಅಧಿಕಾರಿ ಮೊದಲು ಸೀಲು ನೋಡಿದರು. ‘ನೋಟರಿ ನಿಮ್ಮನ್ನ ನೋಡಿದಾರಾ?’ ಅಂದರು. ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಸೀಲಿನ ಪಕ್ಕದ ಸಾಲನ್ನು ಬೆರಳಿಟ್ಟು ತೋರಿಸಿದರು. ‘ಮೂಲ ಪ್ರತಿಗೆ ಸರಿಯಾದ ನಕಲು’ ಎಂದಿತ್ತು. ಅಂಕಪಟ್ಟಿ, ಗುರುತಿನ ಚೀಟಿಗಳ ಜೆರಾಕ್ಸ್ ಮೇಲೆ ಹೊಡೆಯುತ್ತಾರಲ್ಲ, ಅದೇ ಸೀಲು! ಅದರ ಅರ್ಥ ಈ ಪ್ರತಿ ಮೂಲದ ಹಾಗೇ ಇದೆ ಅಂತ ಮಾತ್ರ. ನಾನು ಪ್ರಮಾಣ ಮಾಡಿದೆ ಅಂತ ಅದು ಹೇಳುವುದೇ ಇಲ್ಲ. ಸೀಲಿನ ಕೆಳಗಿನ ತಾರೀಖಿನ ದಿನ ನಾನು ಊರಲ್ಲೇ ಇರಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ಇನ್ನೊಂದು ಮಾಡಿಸಿಕೊಂಡು ಬರುತ್ತಿದ್ದೆ. ಅವರು ಮೊದಲ ಹಾಳೆ ತಿರುಗಿಸಿ ಓದಿದರು. ‘ಮೃತರಿಗೆ ನಾನೊಬ್ಬಳೇ ವಾರಸುದಾರಳು, ಬೇರೆ ಯಾರೂ ಇಲ್ಲ’ ಅಂತ ಇತ್ತು. ನಾನು ಓದಿದ್ದ ಹಾಳೆಯಲ್ಲಿ ಈ ಸಾಲು ಇರಲೇ ಇಲ್ಲ. ನನ್ನ ತಮ್ಮ ಇದ್ದಾನೆ. ಅದೇ ಅರ್ಜಿಯಲ್ಲಿ ಅವನ ಹೆಸರು, ಅವನ ಸಹಿ, ಎಲ್ಲಾ ಇದೆ. ಅಧಿಕಾರಿ ಅರ್ಜಿಯನ್ನೂ ಅಫಿಡವಿಟನ್ನೂ ಪಕ್ಕಪಕ್ಕ ಇಟ್ಟು ಸುಮ್ನೆ ನನ್ನ ಮುಖ ನೋಡಿದರು. ಹಿಂದೆ ಸಾಲಿನಲ್ಲಿ ಜನ ನಿಂತಿದ್ದರು. ತಮ್ಮನ ಪಾಲು ನುಂಗಲು ಬಂದವಳ ಹಾಗೆ ನಿಂತಿದ್ದೆ ನಾನು. ಆ ಗಳಿಗೆ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಹೊರಗೆ ಬಂದು ಏಜೆಂಟ್‌ಗೆ ಫೋನ್ ಮಾಡಿದೆ. ಆ ಸಾಲು ಎಲ್ಲಿಂದ ಬಂತು ಅಂತ ಕೇಳಿದೆ.

‘ಅದು ಹಳೇ ಫಾರ್ಮ್ಯಾಟ್ ಮೇಡಂ. ಒಂದು ಸ್ಪೆಲ್ಲಿಂಗ್ ತಪ್ಪಿತ್ತು ಅಂತ ಹುಡುಗ ಮೊದಲ ಹಾಳೆ ಮತ್ತೆ ಪ್ರಿಂಟ್ ತೆಗೆದ. ಅದರಲ್ಲಿ ಬಂದಿರ್ಬೇಕು.’

ನನ್ನ ಸಹಿ ಇರುವ ಕಾಗದ ಅದು, ನನ್ನನ್ನು ಕೇಳದೆ ಹೇಗೆ ಬದಲಾಯಿಸಿದಿರಿ ಅಂದೆ. ‘ಸಹಿ ಎರಡನೇ ಹಾಳೇಲಿ ಇದ್ಯಲ್ಲ ಮೇಡಂ, ಅದನ್ನ ಮುಟ್ಟಿಲ್ಲ’ ಅಂದರು. ಇದು ಅವರ ಉತ್ತರ! ಸಹಿ ಮುಟ್ಟಿಲ್ಲವಂತೆ, ಸಹಿಯ ಮೇಲಿರುವ ಮಾತನ್ನೇ ಬದಲಾಯಿಸಿದ್ದಾರೆ. ನೋಟರಿ ಮುಂದೆ ನನ್ನನ್ನು ಯಾಕೆ ಕರೆದುಕೊಂಡು ಹೋಗಲಿಲ್ಲ ಅಂದರೆ, ‘ಎಲ್ಲರೂ ಹೀಗೇ ಮಾಡ್ಸೋದು, ಯಾರೂ ಓದಲ್ಲ ಮೇಡಂ, ಸೀಲು ಇದ್ಯಾ ಅಂತ ನೋಡ್ತಾರೆ ಅಷ್ಟೆ.’ ದುಡ್ಡು ವಾಪಸ್ ಕೇಳಿದಾಗ ಫೋನ್ ಕಟ್.

ಇವರು ಜನರ ತಲೆಗೆ ತುಂಬುತ್ತಿರುವುದೇ ಇದು, ನೋಟರಿ ಅಂದರೆ ಸೀಲು ಅಂತ. ಅಲ್ಲ ಸ್ವಾಮಿ. ಅಫಿಡವಿಟ್ ಅಂದರೆ ನನಗೆ ಗೊತ್ತಿರುವ ಸಂಗತಿಯನ್ನು ನಾನು ಬರಹದಲ್ಲಿ ಹೇಳಿ, ಇದು ನಿಜ ಅಂತ ಪ್ರಮಾಣ ಮಾಡುವುದು. ಪ್ರಮಾಣ ಮಾಡಿಸುವ ಅಧಿಕಾರ ಇರುವವರ ಎದುರಿಗೇ ಅದು ಆಗಬೇಕು. ನೋಟರಿ ನೋಡುವುದು ಮುಖ್ಯವಾಗಿ ಇಷ್ಟು: ಬಂದವರು ಅವರೇನಾ, ತಾವಾಗಿಯೇ ಪ್ರಮಾಣ ಮಾಡಿದರಾ, ತನ್ನ ಕಣ್ಣೆದುರಿಗೆ ಸಹಿ ಹಾಕಿದರಾ. ಒಳಗಿರುವ ವಿಷಯ ನಿಜ ಅಂತ ನೋಟರಿ ಸಾಕ್ಷಿ ಹೇಳುವುದಿಲ್ಲ. ಅದರ ಹೊಣೆ ಪೂರ್ತಿ ಸಹಿ ಹಾಕಿದವರದು. ಬೇಕೆಂದೇ ಸುಳ್ಳು ಪ್ರಮಾಣ ಮಾಡಿದರೆ ಅದು ಅಪರಾಧ. ‘ಬೇರೆ ವಾರಸುದಾರರಿಲ್ಲ’ ಎಂಬ ಆ ಸಾಲಿಗೆ ನಾಳೆ ಉತ್ತರ ಕೊಡಬೇಕಾಗಿದ್ದು ಏಜೆಂಟೂ ಅಲ್ಲ, ಪ್ರಿಂಟ್ ತೆಗೆದ ಹುಡುಗನೂ ಅಲ್ಲ, ನಾನು!

ಸೀಲುಗಳೆಲ್ಲಾ ಒಂದೇ ಅಲ್ಲ ಅನ್ನುವುದನ್ನೂ ಯಾರೂ ಹೇಳುವುದಿಲ್ಲ. ನಕಲು ದೃಢೀಕರಿಸುವುದು ಒಂದು ಕೆಲಸ. ‘ಈ ಸಹಿ ನನ್ನದೇ’ ಎಂದು ನೋಟರಿ ಮುಂದೆ ಒಪ್ಪಿಕೊಳ್ಳುವುದು ಇನ್ನೊಂದು. ಅದಕ್ಕೆ ಸಾಮಾನ್ಯವಾಗಿ ಮೊದಲೇ ಸಹಿ ಹಾಕಿದ ಕಾಗದವೂ ನಡೆಯುತ್ತದೆ, ಆದರೆ ಸಹಿ ಹಾಕಿದವರು ಹೋಗಿ ನಿಲ್ಲಲೇಬೇಕು. ಅಫಿಡವಿಟ್ ಮೂರನೆಯದು. ಅದರ ಕೊನೆಯಲ್ಲಿ ‘ಇಂಥವರು ಈ ದಿನ, ಈ ಸ್ಥಳದಲ್ಲಿ, ನನ್ನ ಮುಂದೆ ಪ್ರಮಾಣ ಮಾಡಿ ಸಹಿ ಹಾಕಿದ್ದಾರೆ’ ಎಂಬ ಅರ್ಥದ ಸಾಲು ಇರಬೇಕು, ಅದರ ಕೆಳಗೆ ನೋಟರಿಯ ಸಹಿ ಬರಬೇಕು. ಆ ಸಾಲು ಇಲ್ಲದಿದ್ದರೆ ಎಷ್ಟು ದೊಡ್ಡ ಸೀಲಿದ್ದರೂ ಪ್ರಮಾಣ ಆದ ಹಾಗಲ್ಲ. ಕೆಲವು ದೇಶಗಳಲ್ಲಿ ವಿಡಿಯೋದಲ್ಲಿ ನೋಟರಿ ಮಾಡಿಸಲು ಅವಕಾಶ ಇದೆ ನಿಜ. ಅಲ್ಲೂ ನಿಮ್ಮ ಮುಖ ನೋಡಿ, ನಿಮ್ಮ ಮಾತು ಕೇಳಿಯೇ ಮಾಡುತ್ತಾರೆ.

ಆಮೇಲೆ ನಾನೇ ಒಬ್ಬ ನೋಟರಿ ಹತ್ತಿರ ಹೋದೆ. ಸಹಿ ಜಾಗ ಖಾಲಿ ಇದೆಯಾ ಅಂತ ಅವರು ಮೊದಲು ನೋಡಿಕೊಂಡರು. ಗುರುತಿನ ಚೀಟಿ ಕೇಳಿದರು. ‘ಓದಿದೀರಾ? ಇದರಲ್ಲಿರೋದೆಲ್ಲ ನಿಜಾನಾ?’ ಅಂತ ಕೇಳಿ, ಬಾಯಲ್ಲಿ ಹೇಳಿಸಿದರು. ದೇವರ ಹೆಸರಲ್ಲಿ ಬೇಡದಿದ್ದರೆ ಸತ್ಯನಿಷ್ಠೆಯಿಂದ ಹೇಳುತ್ತೇನೆ ಅನ್ನಬಹುದು ಅಂದರು. ಎರಡೂ ಹಾಳೆಯಲ್ಲಿ ಸಹಿ ಹಾಕಿಸಿದರು. ಒಂದು ಅಕ್ಷರ ತಿದ್ದಿದ ಕಡೆ ಪಕ್ಕದಲ್ಲಿ ನನ್ನ ಚಿಕ್ಕ ಸಹಿ, ಅವರ ಚಿಕ್ಕ ಸಹಿ. ಖಾಲಿ ಉಳಿದ ಜಾಗಕ್ಕೆ ಗೆರೆ ಎಳೆದರು. ರಿಜಿಸ್ಟರಿನಲ್ಲಿ ಬರೆದು ನನ್ನ ಸಹಿ ತೆಗೆದುಕೊಂಡು, ಆ ನಂಬರನ್ನೇ ಅಫಿಡವಿಟ್ ಮೇಲೂ ಬರೆದರು. ಎಲ್ಲಾ ಸೇರಿ ಒಂದು ಟೀ ಕುಡಿಯುವಷ್ಟು ಹೊತ್ತು. ಇಷ್ಟಕ್ಕೆ ‘ನೀವು ಬರೋದೇ ಬೇಡ’ ಅಂದಿದ್ದರು ಆ ಏಜೆಂಟ್!

‘ಅಮ್ಮನಿಗೆ ಹುಟ್ಟಿದಾಗ ಇಟ್ಟ ಹೆಸರು ಇದು’ ಎಂಬ ಸಾಲನ್ನೂ ನೋಟರಿಯೇ ಗಮನಿಸಿದರು. ನೀವು ಆಗ ಇರಲಿಲ್ಲವಲ್ಲ, ‘ದಾಖಲೆಗಳಿಂದ ತಿಳಿದಂತೆ’ ಅಂತ ಬರೆಯಿರಿ, ಯಾವ ದಾಖಲೆ ಅಂತಲೂ ಹೇಳಿ ಅಂದರು. ಏಜೆಂಟ್ ಬರೆಸಿದ್ದರಲ್ಲಿ ‘ನಾನು ಸ್ವತಃ ಬಲ್ಲೆ’ ಅಂತಿತ್ತು. ನಾನು ಹುಟ್ಟುವ ಮೊದಲಿನ ವಿಷಯವನ್ನು ಸ್ವತಃ ಹೇಗೆ ಬಲ್ಲೆ, ಹೇಳಿ?

ಆದ್ದರಿಂದ ಖಾಲಿ ಹಾಳೆಗೆ, ಬರೀ ಕೊನೆ ಹಾಳೆಗೆ ಸಹಿ ಹಾಕಲೇಬೇಡಿ. ಮನೆಯಿಂದ ಸಹಿ ಮಾಡಿಕೊಂಡೂ ಹೋಗಬೇಡಿ. ಕೆಲವು ಫಾರ್ಮುಗಳು ನೋಟರಿ ಬದಲು ಮ್ಯಾಜಿಸ್ಟ್ರೇಟ್ ಮುಂದೆ ಅನ್ನುತ್ತವೆ, ಅದನ್ನೂ ಮೊದಲೇ ನೋಡಿಕೊಳ್ಳಿ. ಸಹಿ ಆದ ಮೇಲೆ ಪ್ರತಿ ಹಾಳೆಯ ಫೋಟೋ ತೆಗೆದುಕೊಳ್ಳಿ. ನನ್ನ ಹತ್ತಿರ ಆ ಮೊದಲ ಹಾಳೆಯ ಫೋಟೋ ಇದ್ದಿದ್ದರೆ ಅವತ್ತು ಕೌಂಟರಿನಲ್ಲೇ ತೋರಿಸುತ್ತಿದ್ದೆ.

ಹೊಸ ಅಫಿಡವಿಟ್ ತೆಗೆದುಕೊಂಡರು. ಹಳೆಯದನ್ನು ಮಾತ್ರ ವಾಪಸ್ ಕೊಡಲಿಲ್ಲ, ಫೈಲಿನಲ್ಲೇ ಇರಬೇಕಂತೆ. ಮೊದಲ ಹಾಳೆ ನನಗೆ ಗೊತ್ತಿಲ್ಲದೆ ಬದಲಾಗಿದೆ, ನಾನು ಯಾರ ಮುಂದೆಯೂ ಪ್ರಮಾಣ ಮಾಡಿಲ್ಲ ಎಂದು ನಾನು, ತಮ್ಮ ಇಬ್ಬರೂ ಸಹಿ ಹಾಕಿ ಪತ್ರ ಕೊಟ್ಟು, ಸ್ವೀಕೃತಿ ಹಾಕಿಸಿಕೊಂಡಿದ್ದೇವೆ. ಅದರ ಪ್ರತಿಯನ್ನು ಏಜೆಂಟ್‌ಗೂ ಕಳಿಸಿದೆ. ‘ಇಷ್ಟು ಸಣ್ಣ ವಿಷಯಕ್ಕೆ ಯಾಕೆ ಮೇಡಂ’ ಅಂತ ಉತ್ತರ ಬಂತು. ದುಡ್ಡು ಇನ್ನೂ ಬಂದಿಲ್ಲ.