ಬಿಸಿ ಡ್ರೋನ್ ಬ್ಯಾಟರಿ ಚಾರ್ಜ್ ಆಗಲ್ಲ ಅಂದ್ರೆ ಕೆಟ್ಟಿದೆ ಅಂತಲ್ಲ

ಮದುವೆ ಶೂಟಿಂಗ್‌ಗೆ ಕೊಂಡ ಮಡಚುವ ಡ್ರೋನ್ ಇದು. ಕೆಲವು ವರ್ಷಗಳಿಂದ ಕೈಯಲ್ಲಿದೆ. ಹಾರಾಟ, ಕ್ಯಾಮೆರಾ ಎರಡೂ ಚೆನ್ನಾಗಿವೆ. ಬರೆಯಬೇಕಾಗಿರುವುದು ಬ್ಯಾಟರಿ ಬಗ್ಗೆ.

ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಹಾರಿಸಿ ಇಳಿಸಿದರೆ ಆ್ಯಪ್‌ನಲ್ಲಿ ಬ್ಯಾಟರಿ 50 ಡಿಗ್ರಿ ಹತ್ತಿರ ತೋರಿಸುತ್ತದೆ. ಹಾಗೇ ಚಾರ್ಜರ್‌ಗೆ ಹಾಕಿದರೆ ದೀಪ ಮಿನುಗುತ್ತದೆ ಅಷ್ಟೆ, ಚಾರ್ಜ್ ಏರುವುದಿಲ್ಲ. ಇದು 5ರಿಂದ 40 ಡಿಗ್ರಿ ನಡುವೆ ಮಾತ್ರ ಚಾರ್ಜ್ ಆಗುತ್ತದೆ ಅಂತ ಮ್ಯಾನ್ಯುಯಲ್‌ನಲ್ಲೇ ಇದೆ. ಸೆಲ್‌ಗೆ ಅಂಟಿಕೊಂಡಂತೆ ಥರ್ಮಿಸ್ಟರ್ ಅನ್ನೋ ಪುಟ್ಟ ಸೆನ್ಸರ್ ಇರುತ್ತದೆ. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ಅದನ್ನು ನೋಡಿಯೇ ಒಳಗಿನ ಸರ್ಕ್ಯೂಟ್ ಕರೆಂಟ್ ತಡೆಯುತ್ತದೆ. ಬಿಸಿ ಸೆಲ್‌ಗೆ ಚಾರ್ಜ್ ತುಂಬಿದರೆ ಒಳಗಿನ ದ್ರವ ಬೇಗ ಹಾಳಾಗಿ ಗ್ಯಾಸ್ ಆಗುತ್ತದೆ. ಬ್ಯಾಟರಿ ಉಬ್ಬೋದು ಇದರಿಂದಲೇ.

ನನ್ನ ತಕರಾರು ಬೇರೆ. ಚಾರ್ಜರ್ ಕಾರಣ ಹೇಳುವುದಿಲ್ಲ. ಎಷ್ಟು ಬಿಸಿ ಇದೆ ಅಂತ ನೋಡಬೇಕಾದರೆ ಬ್ಯಾಟರಿಯನ್ನು ಡ್ರೋನ್‌ಗೆ ಹಾಕಿ ಆನ್ ಮಾಡಬೇಕು. ಆನ್ ಮಾಡಿದರೆ ಮತ್ತೆ ಬಿಸಿ! ಈ ಮಿನುಗು ನೋಡಿ ಒಬ್ಬ ರಿಪೇರಿಯವರು "ಬ್ಯಾಟರಿ ಹೋಗಿದೆ ಸರ್, ಹೊಸದು ಹಾಕಿ" ಅಂದಿದ್ದರು. ಅದೇ ಬ್ಯಾಟರಿ ಈಗಲೂ ಹಾರುತ್ತಿದೆ.

ಬ್ಯಾಟರಿ ಬಿಚ್ಚಿ ನೆರಳಲ್ಲಿ ಫ್ಯಾನ್ ಕೆಳಗೆ ಇಟ್ಟರೆ ಸುಮಾರು ಅರ್ಧ ಗಂಟೆ ಸಾಕು. ಆದರೆ ಅಲ್ಲಿನ ಮಧ್ಯಾಹ್ನ ಗಾಳಿಯೇ 42 ಡಿಗ್ರಿ ಇದ್ದರೆ ಎಷ್ಟು ಕಾದರೂ 40ಕ್ಕೆ ಇಳಿಯಲ್ಲ, ಅಲ್ವಾ? ಆಗ ನಾನು ಕಾರಿನ ಎಸಿ ಹಾಕಿ ಸೀಟಿನ ಮೇಲಿಡುತ್ತೇನೆ. ಫ್ರಿಜ್‌ಗೆ ಮಾತ್ರ ಹಾಕಬೇಡಿ. ಮೇಲ್ಮೈ ತಣ್ಣಗಾಗಿ ಸೆನ್ಸರ್ ಸರಿ ಅಂದರೂ ಸೆಲ್‌ನ ನಡುಭಾಗ ಇನ್ನೂ ಬಿಸಿಯಾಗೇ ಇರಬಹುದು. ಹೊರಗೆ ತೆಗೆದಾಗ ಕನೆಕ್ಟರ್ ಮೇಲೆ ನೀರಿನ ಪಸೆಯೂ ಕೂರುತ್ತದೆ.

ಚಳಿಯ ತೊಂದರೆ ಗೊತ್ತಾಗಿದ್ದು ಲೇಹ್‌ನಲ್ಲಿ. ಅಲ್ಲಿ ಹಾರುತ್ತಿತ್ತು, ಚಾರ್ಜ್ ಆಗುತ್ತಿರಲಿಲ್ಲ. ಕೊಡೋದಕ್ಕಿಂತ ತುಂಬಿಸಿಕೊಳ್ಳೋದು ಚಳಿಯಲ್ಲಿ ಅಪಾಯ. ತಣ್ಣಗಿನ ಸೆಲ್‌ನಲ್ಲಿ ಲಿಥಿಯಂ ಗ್ರಾಫೈಟ್ ಒಳಗೆ ಸೇರದೆ ಲೋಹವಾಗಿ ಮೇಲೆಯೇ ಕೂರುತ್ತದೆ. ಆ ಸಾಮರ್ಥ್ಯ ಬಹುಪಾಲು ವಾಪಸ್ ಬರುವುದಿಲ್ಲ. ಒಳಗೇ ಶಾರ್ಟ್ ಆಗುವ ಭಯವೂ ಇದೆ. ರಾತ್ರಿ ಬ್ಯಾಟರಿಯನ್ನು ರೂಮಿನೊಳಗೆ ಇಟ್ಟು, ಬೆಚ್ಚಗಾದ ಮೇಲೆ ಚಾರ್ಜಿಗೆ ಹಾಕುತ್ತಿದ್ದೆ. ಹೀಟರ್‌ಗೆ ತಾಗಿಸಿ ಇಡುತ್ತಿರಲಿಲ್ಲ.

ನಿಜವಾಗಿ ಕೆಟ್ಟಿದೆಯಾ ಅಂತ ತಿಳಿಯಬೇಕಾ? 25 ಡಿಗ್ರಿ ಆಸುಪಾಸಿನ ರೂಮಲ್ಲಿ ಒಂದೆರಡು ಗಂಟೆ ಇಟ್ಟು, ಕಿತ್ತು ಮತ್ತೆ ಹಾಕಿ ನೋಡಿ. ಆಗಲೂ ಮಿನುಗಿದರೆ ಇನ್ನೊಂದು ಚಾರ್ಜರ್‌ನಲ್ಲಿ ಪರೀಕ್ಷಿಸಿ. ಅಲ್ಲೂ ಹಾಗೇ ಇದ್ದರೆ ಸೆನ್ಸರ್ ಅಥವಾ ಸೆಲ್ ಮೇಲೆ ಅನುಮಾನ ಪಡಬಹುದು. ಉಬ್ಬಿದ್ದರೆ ಈ ಪರೀಕ್ಷೆಯೂ ಬೇಡ, ಚಾರ್ಜಿಗೇ ಹಾಕಬೇಡಿ.

ಐದಕ್ಕೆ ನಾಲ್ಕು ಸ್ಟಾರ್. ಚಾರ್ಜರ್ ಮೇಲೆ ಡಿಗ್ರಿ ತೋರಿಸಿದ್ದರೆ ಐದೂ ಕೊಡುತ್ತಿದ್ದೆ.