ಖಾಲಿ ಜಗಲಿ ಫೋಟೋದಲ್ಲಿ ಬೆಂಚ್ ಕೂರಿಸೋಕೆ ಕಂಟ್ರೋಲ್‌ನೆಟ್: ತುಂಬಾ ದಿನ ಬಳಸಿದವನ ರಿವ್ಯೂ

ಚಿಕ್ಕಮಗಳೂರಲ್ಲಿ ಒಂದು ಮರಗೆಲಸದ ವರ್ಕ್‌ಶಾಪ್‌ಗೆ ಡಿಸೈನ್ ಮಾಡ್ಕೊಡ್ತೀನಿ. ಹೋಂಸ್ಟೇಯವ್ರು ವಾಟ್ಸಾಪಲ್ಲಿ ಜಗಲಿ ಫೋಟೋ ಕಳ್ಸಿ "ಇಲ್ಲೊಂದು ಬೆಂಚ್ ಹಾಕಿದ್ರೆ ಹೆಂಗ್ ಕಾಣುತ್ತೆ ತೋರ್ಸಿ ಅಣ್ಣ" ಅಂತಾರೆ, ಅದಕ್ಕೆ ಚಿತ್ರ ಮಾಡಿಕೊಡೋ ಎಐ ಮಾಡೆಲ್ ಸ್ಟೇಬಲ್ ಡಿಫ್ಯೂಷನ್ 1.5, ಅದರ ಜೊತೆ ಚಿತ್ರದಲ್ಲಿ ಯಾವುದು ಹತ್ತಿರ ಯಾವುದು ದೂರ ಅಂತ ಅದಕ್ಕೆ ಹೇಳಿಕೊಡೋ ಕಂಟ್ರೋಲ್‌ನೆಟ್ ಡೆಪ್ತ್ ಬಳಸ್ತಾ ಇದೀನಿ. ಸಾಫ್ಟ್‌ವೇರ್ ಫ್ರೀ, ನಮ್ಮದೇ ಕಂಪ್ಯೂಟರಲ್ಲಿ ಓಡುತ್ತೆ, 8 ಜಿಬಿ ಗ್ರಾಫಿಕ್ಸ್ ಕಾರ್ಡ್ ಇದ್ರೆ ಸಾಕು. ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಆ ಒಂದು ಯಾಕೆ ಕಟ್ ಅಂತ ಮುಂದೆ ಹೇಳ್ತೀನಿ.

ಸುಮಾರು ವೀಡಿಯೋಗಳಲ್ಲಿ ಹೇಳೋದು ಏನಪ್ಪಾ ಅಂದ್ರೆ ಫೋಟೋ ಹಾಕಿ, ಬೆಂಚ್ ಬೇಕಾದ ಜಾಗಕ್ಕೆ ಮಾಸ್ಕ್ ಬಳಿರಿ, ಡೆಪ್ತ್ ಆನ್ ಮಾಡಿ, ಆಯ್ತು. ಆಗಲ್ಲ ಕಣ್ರೀ. ಆ ಫೋಟೋದಿಂದ ತೆಗೆದ ಡೆಪ್ತ್ ಮ್ಯಾಪಲ್ಲಿ, ಅಂದ್ರೆ ಹತ್ತಿರ ದೂರ ತೋರಿಸೋ ಕಪ್ಪುಬಿಳುಪು ಚಿತ್ರದಲ್ಲಿ, ಆ ಜಾಗ ಬರೀ ನೆಲ, ಅಂದ್ಮೇಲೆ ಕಂಟ್ರೋಲ್‌ನೆಟ್ಟು "ಇಲ್ಲಿ ಏನೂ ಎದ್ದು ನಿಂತಿಲ್ಲ" ಅಂತ ಮಾಡೆಲ್‌ಗೆ ಒತ್ತಿ ಹೇಳ್ತಾ ಇರುತ್ತೆ. ಕಂಟ್ರೋಲ್‌ನೆಟ್ ಎಷ್ಟು ಗಟ್ಟಿ ಹಿಡೀಬೇಕು ಅನ್ನೋ ವೆಯ್ಟ್ 1 ಇಟ್ರೆ ಬೆಂಚ್ ಬದಲು ನೆಲದ ಮೇಲೆ ಮರದ ಬಣ್ಣದ ಚಾಪೆ ಹಾಸಿದಂಗೆ ಏನೋ ಬರುತ್ತೆ, ವೆಯ್ಟ್ ಇಳಿಸಿದ್ರೆ ಬೆಂಚ್ ಬರುತ್ತೆ ಆದ್ರೆ ಜಗಲಿ ಒಂದು ಕಡೆ ನೋಡ್ತಿದ್ರೆ ಅದು ಇನ್ನೊಂದು ಕಡೆ. ಬೆಂಚ್ ಮೊದಲು ಡೆಪ್ತ್ ಮ್ಯಾಪಲ್ಲೇ ಇರ್ಬೇಕು, ಇಡೀ ಆಟ ಅಷ್ಟೇ.

ಮೂಡಿಗೆರೆ ಕಡೆಯ ಒಂದು ಮನೆ ಕೆಲಸ ಹೇಳ್ತೀನಿ. ರೆಡ್ ಆಕ್ಸೈಡ್ ನೆಲ, ಎಂಟಡಿ ಮರದ ಕಂಬಗಳು, ಎರಡು ಕಂಬದ ನಡುವೆ ಐದಡಿ ಬೆಂಚ್ ಬೇಕಿತ್ತು. ನಮ್ಮ ಬೆಂಚಿನ ಸೀಟು ನೆಲದಿಂದ ಒಂದೂವರೆ ಅಡಿ, ಹಂಗಾಗಿ ಬೆಂಚ್ ನಿಲ್ಲೋ ಸಾಲಲ್ಲೇ ಇರೋ ಕಂಬದ ಎತ್ತರದಲ್ಲಿ ಐದನೇ ಒಂದು ಭಾಗಕ್ಕಿಂತ ಸ್ವಲ್ಪ ಕಮ್ಮಿಗೆ ಸೀಟು ಬರ್ಬೇಕು. ಅದೇ ಅಳತೆಗೆ, ಹೆಚ್ಚುಕಮ್ಮಿ ಅದೇ ಆಂಗಲ್‌ನಲ್ಲಿ ತೆಗೆದ ನಮ್ಮ ಬೆಂಚಿನ ಫೋಟೋ ಕಟ್ ಮಾಡಿ ಜಗಲಿ ಫೋಟೋ ಮೇಲೆ ಒರಟಾಗಿ ಅಂಟಿಸ್ದೆ, ಬೆಳಕು ಬಣ್ಣ ಯಾವುದೂ ಮ್ಯಾಚ್ ಆಗೋದು ಬೇಡ. ಆಮೇಲೆ ಆ ಅಂಟಿಸಿದ ಫೋಟೋಗೇ ಡೆಪ್ತ್ ತೆಗೀಬೇಕು. ಬೆಂಚಿಗೆ ಬೇರೆ, ಜಗಲಿಗೆ ಬೇರೆ ಡೆಪ್ತ್ ತೆಗೆದು ಜೋಡಿಸೋಕೆ ಹೋಗ್ಬೇಡಿ, ಯಾಕಂದ್ರೆ ಈ ಮ್ಯಾಪ್ ಅಡಿ ಇಂಚಿನ ಲೆಕ್ಕ ಅಲ್ಲ, ಆ ಒಂದು ಚಿತ್ರದೊಳಗೆ ಹತ್ತಿರದ್ದು ಬಿಳಿ ದೂರದ್ದು ಕಪ್ಪು ಅಷ್ಟೇ, ಒಂದು ಫೋಟೋದ ಬೂದು ಇನ್ನೊಂದರ ಬೂದಿಗೆ ಸಮ ಇರಲ್ಲ.

ಮ್ಯಾಪ್ ಬಂದ್ಮೇಲೆ ಫೋಟೋ ಎಡಿಟರಲ್ಲಿ ಬಣ್ಣ ಪಿಕ್ ಮಾಡಿ ಒಂದೇ ಒಂದು ಚೆಕ್ ಮಾಡಿ: ಮುಂದಿನ ಕಾಲಿನ ಬುಡದ ಬೂದು, ಅದು ಮುಟ್ಟಿರೋ ನೆಲದ ಬೂದು ಹತ್ತಿರ ಹತ್ತಿರ ಇದ್ಯಾ ಅಂತ. 0 ಅಂದ್ರೆ ಕಪ್ಪು, 255 ಅಂದ್ರೆ ಬಿಳಿ ಅನ್ನೋ ಲೆಕ್ಕದಲ್ಲಿ ನಂಗೆ ನೆಲ 160ರ ಆಸುಪಾಸು ಇತ್ತು, ಕಾಲು 185 ತೋರಿಸ್ತು. ಹಂಗೇ ಬಿಟ್ರೆ ಬೆಂಚ್ ನೆಲ ಬಿಟ್ಟು ತೇಲಿದಂಗೆ ಬರುತ್ತೆ, ಕಾಲಿನ ಕೆಳಗೆ ಸಣ್ಣ ಬೆಳಕಿನ ಗೆರೆ ಕಂಡ್ರೆ ಅದೇ ಗುರುತು. ಬೆಂಚ್ ಭಾಗ ಮಾತ್ರ ಸೆಲೆಕ್ಟ್ ಮಾಡಿ ಲೆವೆಲ್ಸಲ್ಲಿ ಕತ್ತಲು ಮಾಡಿದ್ರೆ ಸರಿ ಹೋಗುತ್ತೆ.

ಈ ತಿದ್ದಿದ ಮ್ಯಾಪನ್ನ ಕೊಡುವಾಗ Preprocessor `none` ಇರ್ಬೇಕು, ಇಲ್ಲಾಂದ್ರೆ ಮ್ಯಾಪಿಗೇ ಮತ್ತೆ ಡೆಪ್ತ್ ತೆಗೆದು ಹಾಳು ಮಾಡುತ್ತೆ. ಮಾಡೆಲ್ `control_v11f1p_sd15_depth`, ವೆಯ್ಟ್ 0.7, Ending Control Step 0.6, ಹಳೇ ಚಿತ್ರ ಎಷ್ಟು ಬದಲಾಗ್ಬೇಕು ಅನ್ನೋ ಡಿನಾಯ್ಸಿಂಗ್ 0.6 ನಂಗೆ ಸೆಟ್ ಆಗಿದೆ. ಕೊನೆ ಸ್ಟೆಪ್‌ಗಳಲ್ಲಿ ಹಿಡಿತ ಬಿಟ್ರೆ ಮರದ ಎಳೆ, ಪಾಲಿಶ್ ಎಲ್ಲ ಸಹಜವಾಗಿ ಕೂರುತ್ತೆ. ಅಂಟಿಸಿದ ಫೋಟೋ ಮೇಲೆ ಬಳಿಯೋ ಮಾಸ್ಕ್ ಮಾತ್ರ ಬೆಂಚಿನ ಅಂಚಿಗೇ ನಿಲ್ಲಿಸ್ಬೇಡಿ, ನೆರಳು ಬೀಳೋ ಕಡೆಗೂ ಎಳೀರಿ, ಉಜ್ಜಿ ಉಜ್ಜಿ ಹೊಳೆಯೋ ನೆಲ ಆದ್ರೆ ಅದರಲ್ಲಿ ಕಾಣೋ ಪ್ರತಿಬಿಂಬದ ಜಾಗಾನೂ ಸೇರಿಸಿ. ಆದ್ರೆ ಡೆಪ್ತ್ ಮ್ಯಾಪಲ್ಲಿ ಆ ಜಾಗ ನೆಲವಾಗೇ ಇರ್ಲಿ.

ಈಗ ಕಟ್ ಆದ ಸ್ಟಾರ್. ಡೆಪ್ತ್‌ಗೆ ಬೆಳಕಿನ ದಿಕ್ಕು ಗೊತ್ತಿಲ್ಲ, ಮಳೆಗಾಲದ ಮಂಕು ಬೆಳಕಿನ ಫೋಟೋಗೂ ಬಿಸಿಲಿನ ಗಟ್ಟಿ ನೆರಳು ಹಾಕಿ ಕೊಟ್ಟಿದ್ದುಂಟು, ಪ್ರಾಂಪ್ಟಲ್ಲಿ ಮೋಡದ ಬೆಳಕು ಅಂತ ಬರೆದು ಬೇರೆ ಬೇರೆ ಸೀಡ್ ನಂಬರ್ ಹಾಕಿ ನೋಡ್ಬೇಕು. ಇನ್ನೊಂದು, ಬೆನ್ನಿನ ಪಟ್ಟಿ ಆರು ಇದ್ದಿದ್ದು ಏಳಾಗುತ್ತೆ, ಗಿರಾಕಿ ಅದನ್ನೇ ಎಣಿಸಿ ಕೇಳ್ತಾರೆ! ಇದಕ್ಕೆ ಕಂಟ್ರೋಲ್‌ನೆಟ್‌ನ ಎರಡನೇ ಯೂನಿಟಲ್ಲಿ ಅಂಚಿನ ಗೆರೆ ಹಿಡಿಯೋ ಕ್ಯಾನಿ ಹಾಕ್ತೀನಿ, 0.5 ವೆಯ್ಟಲ್ಲಿ, ಆದ್ರೆ ಬೆಂಚಿನ ಗೆರೆ ಮಾತ್ರ ಉಳಿಸಿ ಮಿಕ್ಕಿದ್ದೆಲ್ಲ ಕಪ್ಪು ಬಳಿದು. ಹಿಂದಿನ ಗೋಡೆಯ ಗೆರೆ ಉಳಿದ್ರೆ ಅದು ಬೆಂಚಿನ ಹತ್ತಿರ ಬೇಡದ ಗೆರೆಯಾಗಿ ಮೂಡಬಹುದು.

ತೂಗುಯ್ಯಾಲೆಗೆ ಮಾತ್ರ ಡೆಪ್ತ್ ನಂಬ್ಕೋಬೇಡಿ. ಸರಪಳಿ ಅಷ್ಟು ಸಣ್ಣದು ಮ್ಯಾಪಲ್ಲಿ ಸಿಗೋದೇ ಇಲ್ಲ, ಹಲಗೆ ಗಾಳೀಲಿ ನಿಂತಿರುತ್ತೆ. ನಾನು ಹಲಗೆಯಷ್ಟೇ ಇದರಲ್ಲಿ ಮಾಡಿ ಸರಪಳೀನ ಫೋಟೋದಿಂದ ಕಟ್ ಮಾಡಿ ಅಂಟಿಸ್ತೀನಿ.